ಕೈಯೊಳಗಿನ ಕಾಗುಣಿತ

ಬಲಗೈಯ ತೋರುಬೆರಳನ್ನು ಚಾಚಿ ಹಣೆಯ ಎಡಭಾಗಕ್ಕೆ ಹಿಡಿಯಿರಿ. ಹಣೆಯುದ್ದಕ್ಕೂ ಬಲಕ್ಕೆ ಎಳೆಯಿರಿ. ಎಳೆಯುತ್ತಿರುವಾಗಲೇ ಬೆರಳು ಕೊಕ್ಕೆಯಂತೆ ಬಾಗಲಿ. ಅಮೆರಿಕದ ಕಿವುಡರ ಸನ್ನೆ ಭಾಷೆಯಲ್ಲಿ ಇದು ‘ಬೇಸಿಗೆ’. ಹಣೆಯ ಬೆವರು ಒರೆಸಿಕೊಂಡ ಹಾಗೇ ಇದೆಯಲ್ಲ, ಇದರಲ್ಲಿ ಕಲಿಯುವುದೇನಿದೆ ಎನಿಸಬಹುದು. ಈಗ ಬೆರಳು ಅದೇ, ಎಳೆತ ಅದೇ, ಕೊಕ್ಕೆಯೂ ಅದೇ ಇರಲಿ. ಜಾಗ ಮಾತ್ರ ಹಣೆಯಿಂದ ಮೂಗಿನ ಮಟ್ಟಕ್ಕೆ ಇಳಿಯಲಿ. ಅದು ‘ಕುರೂಪ’. ಇನ್ನೂ ಕೆಳಗೆ ಗದ್ದಕ್ಕೆ ತಂದರೆ ‘ಒಣಗಿದೆ’. ಬೆವರಿನ ಕಥೆ ಹಣೆಯಲ್ಲೇ ಉಳಿಯಿತು. ಮೂಗಿಗೂ ಕುರೂಪಕ್ಕೂ, ಗದ್ದಕ್ಕೂ ಒಣಗುವುದಕ್ಕೂ ಹೊಂದಿಕೆಯಾಗುವಂಥದ್ದು ಆ ಎಳೆತದಲ್ಲಿ ಏನೂ ಇಲ್ಲ.

ಕನ್ನಡದಲ್ಲಿ ಕಾಲು, ಹಾಲು, ಸಾಲು, ಪಾಲು ಎನ್ನುತ್ತೇವೆ. ಮೊದಲ ವ್ಯಂಜನವೊಂದು ಬದಲಾದರೆ ಸಾಕು, ಮಾತೇ ಬೇರೆ. ‘ಹ್’ ಎಂಬ ಧ್ವನಿಗೂ ಹಸುವಿನ ಹಾಲಿಗೂ ನಂಟಿಲ್ಲ. ತನಗೆ ಅರ್ಥವಿಲ್ಲದಿದ್ದರೂ ಅರ್ಥವನ್ನು ಬೇರ್ಪಡಿಸುವ ಇಂಥ ಚೂರನ್ನು ನಮ್ಮ ಭಾಷಾವಿಜ್ಞಾನಿಗಳು ‘ಧ್ವನಿಮಾ’ ಎಂದು ಕರೆದರು. ಆ ಮೂರು ಸನ್ನೆಗಳಲ್ಲಿ ಹಣೆ, ಮೂಗು, ಗದ್ದ ಮಾಡುತ್ತಿರುವ ಕೆಲಸವೂ ಅದೇ. ಹೆಸರಿನಲ್ಲೇ ಧ್ವನಿ ಇರುವ ಶಾಸ್ತ್ರವನ್ನು ಸದ್ದಿಲ್ಲದ ಭಾಷೆಗೆ ಅನ್ವಯಿಸುವುದು ವಿಚಿತ್ರವಾಗಿ ಕೇಳಬಹುದು. ಆದರೆ ಆ ಶಾಸ್ತ್ರ ಹುಡುಕುವುದು ಸದ್ದನ್ನಲ್ಲ, ಇಂಥ ಚೂರುಗಳ ವ್ಯವಸ್ಥೆಯನ್ನು.

ಇದನ್ನು ಮೊದಲು ಗಟ್ಟಿಯಾಗಿ ಹೇಳಿದವರು ವಿಲಿಯಂ ಸ್ಟೋಕಿ. ವಾಷಿಂಗ್ಟನ್‌ನಲ್ಲಿ ಕಿವುಡ ವಿದ್ಯಾರ್ಥಿಗಳಿಗೆಂದೇ ಇರುವ ಗ್ಯಾಲೊಡೆಟ್ ಕಾಲೇಜಿಗೆ 1955ರಲ್ಲಿ ಅವರು ಬಂದದ್ದು ಇಂಗ್ಲಿಷ್ ಸಾಹಿತ್ಯ ಪಾಠ ಮಾಡಲು. ಸನ್ನೆಯೆಂದರೆ ಮುರುಕು ಇಂಗ್ಲಿಷ್, ಗಾಳಿಯಲ್ಲಿ ಬಿಡಿಸಿದ ಚಿತ್ರ ಎಂದು ಶಿಕ್ಷಕರೇ ನಂಬಿದ್ದ ಕಾಲ ಅದು. ಸ್ಟೋಕಿ ವಿದ್ಯಾರ್ಥಿಗಳ ಕೈಗಳನ್ನು ಗಮನಿಸುತ್ತಾ ಕುಳಿತರು. 1960ರಲ್ಲಿ ಹೊರಬಂದ ಅವರ ಪ್ರಬಂಧ ಪ್ರತಿ ಸನ್ನೆಯನ್ನೂ ಮೂರಾಗಿ ಬಿಡಿಸಿತು: ಕೈಯ ಆಕಾರ, ಅದು ನಿಲ್ಲುವ ತಾಣ, ಅದರ ಚಲನೆ. ಅವರ ಲೆಕ್ಕದಲ್ಲಿ ಆಕಾರಗಳು 19, ತಾಣಗಳು 12, ಚಲನೆಗಳು 24. ಒಟ್ಟು 55 ಚೂರುಗಳಿಂದ ಸಾವಿರಾರು ಸನ್ನೆಗಳು ಹುಟ್ಟುತ್ತವೆ. ಅಂಗೈ ಯಾವ ಕಡೆಗೆ ಮುಖ ಮಾಡಿದೆ ಎಂಬ ನಾಲ್ಕನೆಯ ಅಂಶವನ್ನು ನಂತರದವರು ಸೇರಿಸಿದರು. 1965ರಲ್ಲಿ ಡೊರೊಥಿ ಕ್ಯಾಸ್ಟರ್‌ಲೈನ್ ಮತ್ತು ಕಾರ್ಲ್ ಕ್ರೋನೆಬರ್ಗ್ ಎಂಬ ಇಬ್ಬರು ಕಿವುಡ ಸಹೋದ್ಯೋಗಿಗಳ ಜೊತೆ ಸ್ಟೋಕಿ ಒಂದು ನಿಘಂಟು ತಂದರು. ಅದರಲ್ಲಿ ಸನ್ನೆಗಳನ್ನು ಜೋಡಿಸಿದ್ದು ಇಂಗ್ಲಿಷಿನ ಅಕ್ಷರಕ್ರಮದಲ್ಲಲ್ಲ, ಅವುಗಳದೇ ಚೂರುಗಳ ಕ್ರಮದಲ್ಲಿ. ಅರ್ಥ ಗೊತ್ತಿಲ್ಲದ ಸನ್ನೆಯೊಂದನ್ನು ಕಂಡವರು ಅದರ ಆಕಾರ ಮತ್ತು ತಾಣ ಹಿಡಿದು ಪುಟ ತೆರೆಯಬಹುದಿತ್ತು. ಅದಕ್ಕಿಂತ ದೊಡ್ಡ ಮನ್ನಣೆಯನ್ನು ಒಂದು ಭಾಷೆಗೆ ನಿಘಂಟು ಕೊಡಲಾರದು ಎಂದು ನನ್ನ ಭಾವನೆ.

ಹೀಗೆ ಬಿಡಿಸುವುದು ಪಂಡಿತರ ಕಲ್ಪನೆಯಷ್ಟೇ, ಸನ್ನೆ ಮಾಡುವವರ ಮನಸ್ಸಿನಲ್ಲಿ ಸನ್ನೆ ಇಡಿಯಾಗಿಯೇ ಇರುತ್ತದೆ ಎಂದು ಯಾರಾದರೂ ವಾದಿಸಬಹುದು. ಅದಕ್ಕೆ ಉತ್ತರ ಕೊಟ್ಟದ್ದು ತಪ್ಪುಗಳು. ‘ಬಿಸಿ ಕಾಫಿ’ ಎನ್ನಲು ಹೋಗಿ ‘ಕಿಸಿ ಬಾಫಿ’ ಎಂದು ನಾಲಿಗೆ ತಡವರಿಸುವುದುಂಟಲ್ಲ, ಕೈಯೂ ಹಾಗೆಯೇ ತಡವರಿಸುತ್ತದೆ. ಎಡ್ವರ್ಡ್ ಕ್ಲಿಮಾ ಮತ್ತು ಉರ್ಸುಲಾ ಬೆಲೂಜಿ ಇಂಥ ಕೈತಪ್ಪುಗಳನ್ನು ಸಂಗ್ರಹಿಸಿದರು. ಅವುಗಳಲ್ಲಿ ಒಂದು ಹೀಗಿದೆ. ‘ಕಾಯಿಲೆ’ ಎಂಬ ಸನ್ನೆಯಲ್ಲಿ ಬಾಗಿದ ನಡುಬೆರಳು ಹಣೆಗೆ ತಾಗುತ್ತದೆ. ‘ಬೇಸರ’ ಎಂಬುದರಲ್ಲಿ ನೆಟ್ಟಗಿನ ತೋರುಬೆರಳು ಮೂಗಿನ ಪಕ್ಕದಲ್ಲಿ ತಿರುಗುತ್ತದೆ. ಎರಡನ್ನೂ ಒಂದರ ಹಿಂದೊಂದು ಹೇಳಹೊರಟ ವ್ಯಕ್ತಿಯ ಕೈಯಲ್ಲಿ ಬೆರಳುಗಳು ಅದಲು ಬದಲಾದವು. ತಾಣ ಮತ್ತು ಚಲನೆ ಮಾತ್ರ ತಂತಮ್ಮ ಸರದಿಯಲ್ಲೇ ಉಳಿದವು. ಸನ್ನೆ ಒಡೆಯಲಾರದ ಇಡಿ ಚಿತ್ರವಾಗಿದ್ದರೆ ಅದರ ಒಂದು ಅಂಗ ಮಾತ್ರ ಕಳಚಿಕೊಂಡು ಪಕ್ಕದ ಸನ್ನೆಗೆ ಹೋಗಿ ಸೇರಲು ಸಾಧ್ಯವಿರಲಿಲ್ಲ.

ಮರೆವಿನಲ್ಲೂ ಇದೇ ಕಾಣುತ್ತದೆ. ಅದೇ ತಂಡ ಕಿವುಡರಿಗೆ ಸನ್ನೆಗಳ ಚಿಕ್ಕ ಪಟ್ಟಿ ತೋರಿಸಿ, ನೆನಪಿನಿಂದ ಬರೆಯಲು ಹೇಳಿತು. ‘ಮತ ಹಾಕು’ ಎಂಬುದನ್ನು ನೋಡಿದವರು ‘ಚಹಾ’ ಎಂದು ಬರೆದದ್ದುಂಟು. ಚುನಾವಣೆಗೂ ಚಹಾಕ್ಕೂ ಅರ್ಥದ ಸಂಬಂಧವಿಲ್ಲ. ಕೈಯಲ್ಲಿ ಮಾತ್ರ ಅವು ಅಕ್ಕಪಕ್ಕದ ಮನೆಯವು. ಎರಡರಲ್ಲೂ ಎಡಗೈ ಬಟ್ಟಲಿನಂತೆ ಮುಚ್ಚಿರುತ್ತದೆ, ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಚಿವುಟಿದಂತೆ ಕೂಡಿರುತ್ತವೆ. ಅದ್ದಿದರೆ ಮತ, ಕದಡಿದರೆ ಚಹಾ. ನೆನಪಿನಿಂದ ಜಾರಿದ್ದು ಚಲನೆಯೊಂದೇ.

ಯಾವ ಆಕಾರವಾದರೂ ಯಾವ ಚಲನೆಯ ಜೊತೆಗಾದರೂ ಕೂಡುತ್ತದೆಯೇ? ಇಲ್ಲ. ಕನ್ನಡದ ಅಚ್ಚ ಪದಗಳು ವ್ಯಂಜನದಲ್ಲಿ ನಿಲ್ಲಲೊಲ್ಲದೆ ಬಸ್ಸನ್ನೂ ‘ಬಸ್ಸು’ ಮಾಡಿಕೊಳ್ಳುವಂತೆ, ಸನ್ನೆ ಭಾಷೆಗೂ ತನ್ನದೇ ಕಟ್ಟುಪಾಡುಗಳಿವೆ. ರಾಬಿನ್ ಬ್ಯಾಟಿಸನ್ ಎಂಬ ವಿದ್ವಾಂಸರು 1978ರಲ್ಲಿ ಎರಡನ್ನು ಗುರುತಿಸಿದರು. ಎರಡೂ ಕೈ ಚಲಿಸುವುದಾದರೆ ಎರಡರ ಆಕಾರವೂ ಒಂದೇ ಇರಬೇಕು, ಚಲನೆಯೂ ಒಂದೇ ಇರಬೇಕು. ಒಟ್ಟಿಗೆ ಚಲಿಸಬಹುದು, ಸರದಿಯಲ್ಲೂ ಚಲಿಸಬಹುದು. ಎರಡರ ಆಕಾರ ಬೇರೆ ಬೇರೆಯಾದರೆ ಒಂದು ಕೈ ಸುಮ್ಮನೆ ನಿಲ್ಲಬೇಕು, ಮತ್ತು ಅದರ ಆಕಾರ ಮುಷ್ಟಿ, ಚಪ್ಪಟೆ ಅಂಗೈ, ಒಂಟಿ ಬೆರಳು ಮುಂತಾದ ಏಳು ಸರಳ ಆಕಾರಗಳಲ್ಲಿ ಒಂದಾಗಿರಬೇಕು. ಮತ ಮತ್ತು ಚಹಾದ ಆ ಬಟ್ಟಲು ಕೂಡ ಆ ಏಳರಲ್ಲಿ ಒಂದು. ಹೊಸದಾಗಿ ಕಲಿಯುವವರು ತಾವೇ ಹುಟ್ಟಿಸಿದ ಸನ್ನೆಯೊಂದು ಇದನ್ನು ಮೀರಿದರೆ ನೋಡುವವರ ಹುಬ್ಬು ಮೇಲೇರುತ್ತದೆ. ಅರ್ಥ ಆಗಿರಬಹುದು, ಆದರೂ ಅದು ಆ ಭಾಷೆಯ ಪದದಂತೆ ಕಾಣುವುದಿಲ್ಲ.

ಈ ಚೂರುಗಳೂ ಅವುಗಳ ಅರ್ಥವೂ ಪ್ರತಿ ಸನ್ನೆ ಭಾಷೆಯಲ್ಲಿ ಬೇರೆ. ಅಮೆರಿಕದಲ್ಲಿ ‘ಗುಟ್ಟು’ ಎಂಬ ಸನ್ನೆ ಚೀನಾದ ಸನ್ನೆ ಭಾಷೆಯಲ್ಲಿ ‘ತಂದೆ’. ನಮ್ಮ ದೇಶದ ಸನ್ನೆ ಭಾಷೆಯೂ ಅಮೆರಿಕದ್ದಲ್ಲ. 1970ರ ದಶಕದ ಕೊನೆಯಲ್ಲಿ, ಜೇಮ್ಸ್ ವುಡ್‌ವರ್ಡ್ ಮತ್ತು ಸ್ವತಃ ಕಿವುಡರಾದ ಮದನ್ ವಸಿಷ್ಠ ಅವರ ತಂಡ ದೆಹಲಿ, ಮುಂಬೈ, ಕೋಲ್ಕತ್ತಗಳ ಜೊತೆ ಬೆಂಗಳೂರಿನಲ್ಲೂ ಸನ್ನೆಗಳನ್ನು ಸಂಗ್ರಹಿಸಿ, ಇವೆಲ್ಲ ಪರಸ್ಪರ ಸಂಬಂಧವಿರುವ ಪ್ರಾದೇಶಿಕ ಬಗೆಗಳು ಎಂದು ತೋರಿಸಿತು. ಆದ್ದರಿಂದ ಮೇಲಿನ ‘ಬೇಸಿಗೆ’ಯನ್ನು ಬೆಂಗಳೂರಿನ ಕಿವುಡ ಗೆಳೆಯರ ಮುಂದೆ ಮಾಡಿ ಅರ್ಥವಾಗಲಿ ಎಂದು ಕಾಯಬೇಡಿ.

ಸ್ಟೋಕಿ ಒಂದು ಕಡೆ ಪೂರ್ತಿ ಸರಿಯಿರಲಿಲ್ಲ. ಮಾತಿನಲ್ಲಿ ಧ್ವನಿಗಳು ಸಾಲಾಗಿ ಬರುತ್ತವೆ, ಸನ್ನೆಯಲ್ಲಿ ಆಕಾರ, ತಾಣ, ಚಲನೆ ಒಮ್ಮೆಲೇ ಬರುತ್ತವೆ, ಅಲ್ಲಿ ಹಿಂದುಮುಂದಿನ ಪ್ರಶ್ನೆಯೇ ಇಲ್ಲ ಎಂಬುದು ಅವರ ಚಿತ್ರ. ಸ್ಕಾಟ್ ಲಿಡೆಲ್ ಮತ್ತು ರಾಬರ್ಟ್ ಜಾನ್ಸನ್ ಇದನ್ನು ತಿದ್ದಿದರು. ‘ಕಿವುಡ’ ಎಂಬ ಸನ್ನೆಯಲ್ಲಿ ತೋರುಬೆರಳು ಕಿವಿಯ ಬಳಿ ಮತ್ತು ದವಡೆಯ ಬಳಿ, ಎರಡು ಕಡೆ ತಾಗುತ್ತದೆ. ‘ತಂದೆ’ಯ ಸನ್ನೆ ಹಣೆಯ ಮೇಲೆ, ‘ತಾಯಿ’ಯದು ಗದ್ದದ ಮೇಲೆ. ‘ತಂದೆ ಕಿವುಡರು’ ಎನ್ನುವಾಗ ಕೈ ಮೇಲೆಯೇ ಇರುವುದರಿಂದ ಮೊದಲು ಕಿವಿ, ಆಮೇಲೆ ದವಡೆ. ‘ತಾಯಿ ಕಿವುಡರು’ ಎನ್ನುವಾಗ ಕೈ ಕೆಳಗಿರುವುದರಿಂದ ಕ್ರಮ ತಿರುವುಮುರುವು. ನಾವು ‘ಊರು’ ಮತ್ತು ‘ಅಲ್ಲಿ’ ಸೇರಿಸಿ ‘ಊರಲ್ಲಿ’ ಎನ್ನುವಾಗ ಎರಡು ಪದಗಳ ಗಡಿಯಲ್ಲಿ ನಾಲಿಗೆ ಹುಡುಕುವ ಸುಲಭದ ದಾರಿಯನ್ನೇ ಕೈಯೂ ಹುಡುಕುತ್ತದೆ. ಅದಕ್ಕೆ ಸಂಧಿ ಎಂದು ಹೆಸರಿಡಲು ನನಗೆ ಯಾವ ಅಳುಕೂ ಇಲ್ಲ. ಇಂಥ ಅದಲು ಬದಲು ಸಾಧ್ಯವಾಗಬೇಕಾದರೆ ಸನ್ನೆಯೊಳಗೂ ಮೊದಲು, ಆಮೇಲೆ ಎಂಬುದು ಇರಲೇಬೇಕು.

ಆದರೂ ಒಮ್ಮೆಲೇ ಹಲವನ್ನು ಹೇಳುವುದೇ ಈ ಭಾಷೆಗಳ ದೊಡ್ಡ ಗುಣ, ಮತ್ತು ಅದಕ್ಕೆ ಕಾರಣ ದೇಹದಲ್ಲೇ ಇದೆ. ತೋಳು ನಾಲಿಗೆಗಿಂತ ಭಾರ. ಬೆಲೂಜಿ ಮತ್ತು ಸೂಸನ್ ಫಿಷರ್ 1972ರಲ್ಲಿ, ಇಂಗ್ಲಿಷ್ ಮಾತು ಮತ್ತು ಸನ್ನೆ ಎರಡನ್ನೂ ಚಿಕ್ಕಂದಿನಿಂದ ಬಲ್ಲವರಿಂದ ಒಂದೇ ಕಥೆಯನ್ನು ಎರಡು ಭಾಷೆಯಲ್ಲೂ ಹೇಳಿಸಿ ಅಳೆದರು. ಒಂದು ಪದ ನುಡಿಯುವುದಕ್ಕಿಂತ ಒಂದು ಸನ್ನೆ ಮಾಡಲು ಸುಮಾರು ಇಮ್ಮಡಿ ಹೊತ್ತು ಹಿಡಿಯಿತು. ಕಥೆ ಮಾತ್ರ ಹೆಚ್ಚುಕಡಿಮೆ ಅಷ್ಟೇ ಹೊತ್ತಿನಲ್ಲಿ ಮುಗಿಯಿತು. ಅರ್ಧದಷ್ಟೇ ಪದಗಳಲ್ಲಿ ಪೂರ್ತಿ ಕಥೆ ಹಿಡಿಸಿದ್ದು ಹೇಗೆ?

ನಮ್ಮ ಲಿಪಿಯನ್ನು ನೋಡಿ. ‘ಸ್ತ್ರೀ’ ಎಂದು ಉಚ್ಚರಿಸುವಾಗ ನಾಲ್ಕು ಧ್ವನಿಗಳು ಸಾಲಾಗಿ ಬರುತ್ತವೆ. ಬರೆಯುವಾಗ ಮಾತ್ರ ಒತ್ತು, ಗುಡಿಸು, ದೀರ್ಘ ಎಲ್ಲವೂ ಒಂದೇ ಅಕ್ಷರದ ಸುತ್ತ ಕೂಡುತ್ತವೆ. ಸನ್ನೆ ಭಾಷೆ ತನ್ನ ವ್ಯಾಕರಣವನ್ನೇ ಹೀಗೆ ಕೂಡಿಸುತ್ತದೆ. ಕನ್ನಡದ ಕ್ರಿಯಾಪದ ರೈಲಿನಂತೆ ಬೋಗಿಯ ಹಿಂದೆ ಬೋಗಿ ಜೋಡಿಸಿಕೊಂಡು ‘ಕೊಡುತ್ತಿದ್ದಾಳೆ’ ಎಂದಾಗುತ್ತದೆ. ಅಮೆರಿಕದ ಸನ್ನೆಯಲ್ಲಿ ಬಾಲಕ್ಕೆ ಏನೂ ಸೇರುವುದಿಲ್ಲ, ಚಲನೆಯ ರೂಪವೇ ಮಾರ್ಪಡುತ್ತದೆ. ಎರಡು ಬೆರಳನ್ನು ಇನ್ನೊಂದು ಕೈಯ ಎರಡು ಬೆರಳ ಮೇಲೆ ಒಮ್ಮೆ ಕೂರಿಸಿದರೆ ‘ಕುಳಿತುಕೋ’. ಚಿಕ್ಕದಾಗಿ, ಬಿಗಿ ಹಿಡಿದು ಎರಡು ಬಾರಿ ತಟ್ಟಿದರೆ ‘ಕುರ್ಚಿ’. ಟೆಡ್ ಸುಪಾಲಾ ಮತ್ತು ಎಲಿಸಾ ನ್ಯೂಪೋರ್ಟ್ 1978ರಲ್ಲಿ ಇಂಥ ನೂರು ಜೋಡಿಗಳನ್ನು ಪರಿಶೀಲಿಸಿ, ಕ್ರಿಯಾಪದ ಮತ್ತು ನಾಮಪದದ ಗೆರೆ ಚಲನೆಯಲ್ಲಿದೆ ಎಂದು ತೋರಿಸಿದರು. ಅದುವರೆಗೆ ನೋಡಿದವರಿಗೆ ಎರಡೂ ಒಂದೇ ಎಂದು ಕಂಡಿತ್ತು.

‘ಕೊಡು’ ಎಂಬುದನ್ನು ಪೂರ್ತಿಯಾಗಿ ನೋಡೋಣ. ಕೈ ನನ್ನಿಂದ ನಿಮ್ಮತ್ತ ಹೋದರೆ ‘ನಾನು ನಿಮಗೆ ಕೊಡುತ್ತೇನೆ’. ನಿಮ್ಮಿಂದ ನನ್ನತ್ತ ಬಂದರೆ ‘ನೀವು ನನಗೆ ಕೊಡುತ್ತೀರಿ’. ಕರ್ತೃ, ಸಂಪ್ರದಾನ ಎರಡೂ ದಾರಿಯ ಎರಡು ತುದಿಗಳಲ್ಲೇ ಇವೆ. ಅದೇ ಚಲನೆ ಎದುರಿನ ಜಾಗದಲ್ಲಿ ಕಮಾನಿನುದ್ದಕ್ಕೂ ಚಿಕ್ಕ ಚಿಕ್ಕ ನಿಲುಗಡೆಗಳಾಗಿ ಸಾಗಿದರೆ ‘ಒಬ್ಬೊಬ್ಬರಿಗೂ ಕೊಡು’. ನಯವಾಗಿ ಸುತ್ತು ಸುತ್ತಾಗಿ ಮರುಕಳಿಸಿದರೆ ‘ಕೊಡುತ್ತಲೇ ಇರು’. ಕ್ಲಿಮಾ ಮತ್ತು ಬೆಲೂಜಿ ಗಮನಿಸಿದ್ದು ಇಲ್ಲಿಂದ ಮುಂದೆ: ಈ ಎರಡು ರೂಪಗಳು ಒಂದರೊಳಗೊಂದು ಕೂರುತ್ತವೆ, ಯಾವುದು ಒಳಗೆ ಯಾವುದು ಹೊರಗೆ ಎಂಬುದರಿಂದ ಅರ್ಥ ಬದಲಾಗುತ್ತದೆ.

ಮದುವೆ ಮನೆಯ ಪಂಕ್ತಿಯನ್ನು ನೆನೆಯಿರಿ. ಬಡಿಸುವವರು ಸಾಲಿನುದ್ದಕ್ಕೂ ಒಬ್ಬೊಬ್ಬರಿಗೆ ಒಂದೊಂದು ಹೋಳಿಗೆ ಹಾಕಿ, ತಿರುಗಿ ಬಂದು ಮತ್ತೆ ಅದೇ ಸಾಲಿನಲ್ಲಿ ಹೊರಡುತ್ತಾರೆ. ಇಲ್ಲಿ ‘ಒಬ್ಬೊಬ್ಬರಿಗೂ’ ಒಳಗಿದೆ, ‘ಮರಳಿ ಮರಳಿ’ ಹೊರಗಿದೆ. ಕೈ ಕಮಾನಿನ ನಿಲುಗಡೆಗಳನ್ನು ಮುಗಿಸಿ, ಆ ಇಡೀ ಕಮಾನನ್ನೇ ಸುತ್ತಾಗಿ ಮರುಕಳಿಸುತ್ತದೆ. ಇನ್ನೊಬ್ಬರು ತುಪ್ಪದ ಗಿಂಡಿ ಹಿಡಿದು ಮೊದಲ ಎಲೆಯ ಮುಂದೆ ನಿಂತು, ಸಾಕು ಎನ್ನುವವರೆಗೂ ಹಾಕುತ್ತಲೇ ಇದ್ದು, ಆಮೇಲೆ ಪಕ್ಕದ ಎಲೆಗೆ ಸರಿದು ಅಲ್ಲಿಯೂ ಹಾಗೆಯೇ ಹಾಕುತ್ತಾರೆ. ಆಗ ಸುತ್ತು ಒಳಗಿರುತ್ತದೆ, ಕಮಾನು ಹೊರಗಿರುತ್ತದೆ. ಕೈ ಒಂದೊಂದು ನಿಲುಗಡೆಯಲ್ಲೂ ಸುತ್ತಿ ಸುತ್ತಿ ಮುಂದಿನದಕ್ಕೆ ದಾಟುತ್ತದೆ. ಎರಡರಲ್ಲೂ ಆಕಾರ ಒಂದೇ, ಪದವೂ ‘ಕೊಡು’ ಎಂಬ ಒಂದೇ. ಕನ್ನಡದಲ್ಲಿ ನನಗೆ ಇಷ್ಟು ವಾಕ್ಯಗಳು ಬೇಕಾದವು.