ಭಾಮಿನಿಯ ಉದ್ದ ಸಾಲು ಮತ್ತು ಫೋನಿನ ಪರದೆ

ಭಾಮಿನಿ ಷಟ್ಪದಿಯ ಒಂದು ಪದ್ಯವನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಅದು ಮಕ್ಕಳ ಫೋನಿನಲ್ಲಿ ಆರು ಸಾಲಾಗಿ ಉಳಿಯುವುದಿಲ್ಲ. ಎಂಟಾಗಬಹುದು, ಹನ್ನೆರಡೂ ಆಗಬಹುದು. ಪರದೆಯ ಅಗಲ ಮುಗಿದಲ್ಲಿ ಫೋನು ಮುಂದಿನ ಪದವನ್ನು ಕೆಳಗಿಳಿಸುತ್ತದೆ. ಅದಕ್ಕೆ ಪದದ ಕೊನೆ ಗೊತ್ತು, ಗಣದ ಕೊನೆ ಗೊತ್ತಿಲ್ಲ. ಓದುವ ಮಗುವಾದರೋ ಸಾಲು ಮುಗಿದಲ್ಲಿ ಉಸಿರು ನಿಲ್ಲಿಸುತ್ತದೆ. ಹೀಗೆ ಪದ್ಯದ ನಿಲುಗಡೆಯನ್ನು ಕವಿಯ ಬದಲು ಪರದೆ ತೀರ್ಮಾನಿಸಿದಂತಾಗುತ್ತದೆ.

ನಾನು ವಿಜ್ಞಾನ ವಿಷಯದ ಪ್ರಶಿಕ್ಷಣಾರ್ಥಿ, ಕನ್ನಡ ಬೋಧನೆ ನನ್ನ ಪದ್ಧತಿಯಲ್ಲ. ಆದರೆ ಬೆಟಗೇರಿಯ ಒಂದು ಪ್ರೌಢಶಾಲೆಯಲ್ಲಿ ಅಭ್ಯಾಸ ಬೋಧನೆಯ ಅವಧಿಯಲ್ಲಿ ಬೆಳಗಿನ ಪ್ರಾರ್ಥನೆಯ ಪದ್ಯವನ್ನು ತರಗತಿಯ ಗುಂಪಿಗೆ ಹಿಂದಿನ ರಾತ್ರಿ ಕಳಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮಾತ್ರೆ ಎಣಿಸುವುದು ಲೆಕ್ಕದ ಕೆಲಸವೇ ಆದ್ದರಿಂದ ನನಗೆ ಅದು ಬೇಗ ಹಿಡಿಸಿತು.

ಮೊದಲು ಛಂದಸ್ಸಿನ ಲೆಕ್ಕ ನೋಡೋಣ. ಭಾಮಿನಿಯಲ್ಲಿ ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳು ಒಂದಾದ ಮೇಲೊಂದು ಬರುತ್ತವೆ. 1, 2, 4 ಮತ್ತು 5ನೆಯ ಸಾಲುಗಳಲ್ಲಿ ಇಂಥ ನಾಲ್ಕು ಗಣ, ಅಂದರೆ 14 ಮಾತ್ರೆ. 3 ಮತ್ತು 6ನೆಯ ಸಾಲುಗಳಲ್ಲಿ ಆರು ಗಣ, ಕೊನೆಗೊಂದು ಗುರು, ಒಟ್ಟು 23 ಮಾತ್ರೆ. ಆರೂ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು, ಅದು ಆದಿಪ್ರಾಸ. ಫೋನಿನಲ್ಲಿ ತೊಂದರೆ ಮುಖ್ಯವಾಗಿ ಆ ಎರಡು ಉದ್ದ ಸಾಲುಗಳದು. ಉದಾಹರಣೆಗೆಂದು ನಾನೇ ಕಟ್ಟಿದ ಒಂದು ಪದ್ಯ ಇಲ್ಲಿದೆ. ಕಾವ್ಯಗುಣವನ್ನು ಬದಿಗಿಟ್ಟು ಮಾತ್ರೆಯನ್ನಷ್ಟೇ ನೋಡಿ.

ಕಪ್ಪು ನೆಲದೊಳು ಮಳೆಯು ಸುರಿಯಲು
ಸೊಪ್ಪು ಚಿಗುರಿತು ಬದುವಿನಂಚಲಿ
ಅಪ್ಪ ನೇಗಿಲ ಹೊತ್ತು ನಡೆದನು ಹೊಲದ ಹಾದಿಯಲಿ
ತುಪ್ಪ ರೊಟ್ಟಿಯ ಬುತ್ತಿ ಕಟ್ಟುತ
ಒಪ್ಪವಾಗಿಯೆ ಹೊದಿಸಿ ಬಟ್ಟೆಯ
ಚಪ್ಪಲಿಲ್ಲದೆ ಅವ್ವ ಹಿಂದೆಯೆ ಬಂದಳೋಡುತಲಿ

ಇದನ್ನು ಹೀಗೆಯೇ ಕಳಿಸಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಶಾಲೆಗಳಲ್ಲಿದ್ದ ನಮ್ಮ ತಂಡದ ಗೆಳೆಯರಿಗೆ ಸ್ಕ್ರೀನ್‌ಶಾಟ್ ಕೇಳಿದೆ. ಬೆಟಗೇರಿಯ ನನ್ನದೂ ಸೇರಿ ನಾಲ್ಕು ಫೋನಿನಲ್ಲಿ ಮೂರನೆಯ ಸಾಲು ನಾಲ್ಕು ರೂಪದಲ್ಲಿತ್ತು. ನನ್ನ ದೊಡ್ಡ ಪರದೆಯಲ್ಲಿ ಅದು ಇಡಿಯಾಗಿಯೇ ಹಿಡಿಸಿತ್ತು. ಶಿರಹಟ್ಟಿಯಲ್ಲಿ ‘ನಡೆದನು’ ಆದ ಮೇಲೆ ಮುರಿದಿತ್ತು. ಲಕ್ಷ್ಮೇಶ್ವರದಲ್ಲಿ ‘ಹೊಲದ’ ಎಂಬುದು ಮೇಲೆ, ‘ಹಾದಿಯಲಿ’ ಒಂದೇ ಕೆಳಗೆ. ಮುಂಡರಗಿಯ ಗೆಳತಿಯ ಫೋನಿನಲ್ಲಿ ಅಕ್ಷರದ ಗಾತ್ರ ದೊಡ್ಡದಿಟ್ಟಿದ್ದರಿಂದ ‘ಹೊತ್ತು’ ಆದ ಮೇಲೆ ಮುರಿದಿತ್ತು, ಚಿಕ್ಕ ಸಾಲುಗಳೂ ಎರಡೆರಡಾಗಿದ್ದವು.

ಈ ನಾಲ್ಕರಲ್ಲಿ ಲಕ್ಷ್ಮೇಶ್ವರದ ರೂಪವೇ ಹೆಚ್ಚು ಕೆಟ್ಟದ್ದು. ‘ಹೊಲದ’ ಎಂಬ ಷಷ್ಠಿ ಪದ ಸಾಲಿನ ತುದಿಗೆ ನೇತಾಡುತ್ತದೆ, ಏನು ಹೊಲದ ಎಂಬುದು ಕೆಳಗೆ ಬೀಳುತ್ತದೆ. ಮಾತ್ರೆಯಲ್ಲಿ ಹೇಳುವುದಾದರೆ ಅದು ಹದಿನೇಳನೆಯ ಮಾತ್ರೆಯ ಮುರಿತ. ಮೂರರ ಗಣ ಮುಗಿದು, ಅದರ ಜೋಡಿಯಾದ ನಾಲ್ಕರ ಗಣ ಇನ್ನೂ ಬರಬೇಕಿದ್ದ ಜಾಗವದು. ಶಿರಹಟ್ಟಿಯದು ಹದಿನಾಲ್ಕರ ಮುರಿತ, ಕಿವಿಗೆ ಹಿತವಾಗಿಯೇ ಕೇಳುತ್ತದೆ. ಆದರೆ ಅದು ಆ ಫೋನಿನ ಅದೃಷ್ಟ ಅಷ್ಟೇ.

ಇದರಿಂದ ಮಗುವಿಗೆ ಆಗುವ ನಷ್ಟ ಸಣ್ಣದಲ್ಲ. ನಮ್ಮ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಪ್ರಾರ್ಥನೆಯಲ್ಲಿ ಪದ್ಯ ಹೇಳುವಾಗ ‘ಹೊಲದ’ ಎಂದು ನಿಂತು, ಉಸಿರು ತೆಗೆದುಕೊಂಡು, ‘ಹಾದಿಯಲಿ’ ಅಂದಳು. ವೀಕ್ಷಣೆಯ ಹಾಳೆಯಲ್ಲಿ ‘ಅರ್ಥ ತಿಳಿಯದೆ ಕಂಠಪಾಠ’ ಎಂದು ಬರೆಯುವಂತಿತ್ತು. ಬಿಡುವಿನಲ್ಲಿ ಕೇಳಿದರೆ ಅರ್ಥವನ್ನು ಸರಿಯಾಗಿಯೇ ಹೇಳಿದಳು. “ಸರ್, ನಮ್ಮ ಅಪ್ಪನ ಫೋನಿನ್ಯಾಗ ಅದು ಹಂಗ ಐತ್ರಿ, ಎರಡು ಸಾಲು” ಎಂದಳು. ಅವಳು ಕಂಡದ್ದನ್ನೇ ಓದಿದ್ದಳು. ಓದಿನ ನಿಲುಗಡೆಗೆ ಅಂಕ ಕೊಡುವ ಮೊದಲು ಮಗು ಯಾವ ಪರದೆಯಿಂದ ಕಲಿಯಿತು ಎಂದು ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಸಾಲು ಮುರಿಯದಿದ್ದರೆ ಪದ್ಯವೇ ಇಲ್ಲ ಎಂದೇನೂ ಅಲ್ಲ. ಪಂಪನು ತನ್ನ ಕಾವ್ಯದಲ್ಲಿ ಪುಲಿಗೆರೆಯ ತಿರುಳ್ಗನ್ನಡವನ್ನು ಹೆಸರಿಸಿದ್ದಾನೆ, ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಆ ಕಾವ್ಯವೂ, ಗದುಗಿನ ವೀರನಾರಾಯಣನ ಹೆಸರಿನೊಂದಿಗೆ ಬೆಸೆದುಕೊಂಡ ಕುಮಾರವ್ಯಾಸನ ಭಾರತವೂ ಶತಮಾನಗಳ ಕಾಲ ಓಲೆಗರಿಯಲ್ಲಿ ಉಳಿದು ಬಂದವು. ಓಲೆಯಲ್ಲಿ ಪಾದಕ್ಕೊಂದು ಸಾಲು ಎಂಬ ಪದ್ಧತಿ ಇರಲಿಲ್ಲ. ಗರಿಯ ಅಗಲ ಮುಗಿಯುವವರೆಗೆ ಬರೆದುಕೊಂಡೇ ಹೋಗುತ್ತಿದ್ದರು. ಪಾದ ಎಲ್ಲಿ ಮುಗಿಯಿತೆಂದು ಗಮಕಿಗೆ ಗಣವೂ ಪ್ರಾಸವೂ ಹೇಳುತ್ತಿದ್ದವು. ಆದರೆ ನಮ್ಮ ತರಗತಿಯ ಮಗುವಿಗೆ ಆ ಕಿವಿ ಇನ್ನೂ ಬಂದಿಲ್ಲ. ಅಚ್ಚಿನ ಪುಸ್ತಕದ ಅಭ್ಯಾಸದಿಂದ ಅದು ಸಾಲಿನ ತುದಿಯನ್ನೇ ನಂಬುತ್ತದೆ.

ಹಾಗಾಗಿ ಮುರಿತವನ್ನು ಫೋನಿಗೆ ಬಿಡದೆ ನಾವೇ ಮಾಡಬೇಕು. ಉದ್ದ ಸಾಲನ್ನು ಹದಿನಾಲ್ಕು ಮಾತ್ರೆಗೆ ಮುರಿದು, ಉಳಿದ ಒಂಬತ್ತು ಮಾತ್ರೆಯನ್ನು ಕೆಳಗೆ ಸ್ವಲ್ಪ ಒಳಗೆ ಸರಿಸಿ ಬರೆದೆ. ಪೂರ್ವಾರ್ಧ, ಉತ್ತರಾರ್ಧಗಳ ನಡುವೆ ಒಂದು ಖಾಲಿ ಸಾಲು ಬಿಟ್ಟೆ.

ಕಪ್ಪು ನೆಲದೊಳು ಮಳೆಯು ಸುರಿಯಲು।
ಸೊಪ್ಪು ಚಿಗುರಿತು ಬದುವಿನಂಚಲಿ।
ಅಪ್ಪ ನೇಗಿಲ ಹೊತ್ತು ನಡೆದನು
  ಹೊಲದ ಹಾದಿಯಲಿ।

ತುಪ್ಪ ರೊಟ್ಟಿಯ ಬುತ್ತಿ ಕಟ್ಟುತ।
ಒಪ್ಪವಾಗಿಯೆ ಹೊದಿಸಿ ಬಟ್ಟೆಯ।
ಚಪ್ಪಲಿಲ್ಲದೆ ಅವ್ವ ಹಿಂದೆಯೆ
  ಬಂದಳೋಡುತಲಿ॥

ಹದಿನಾಲ್ಕೇ ಏಕೆ ಎಂದರೆ ಚಿಕ್ಕ ಸಾಲೂ ಅಷ್ಟೇ ಉದ್ದ. ಎಲ್ಲ ಸಾಲುಗಳು ಒಂದೇ ಅಳತೆಗೆ ಬರುವುದರಿಂದ ಒಂದು ಹಿಡಿಸಿದ ಪರದೆಯಲ್ಲಿ ಉಳಿದವೂ ಬಹುಮಟ್ಟಿಗೆ ಹಿಡಿಸುತ್ತವೆ. ತಾಳಕ್ಕೂ ಅದು ಸರಿ. ಕೈಯಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಎಂದು ತಟ್ಟುತ್ತ ಓದಿದರೆ ಎರಡು ಸುತ್ತು ಮುಗಿದಲ್ಲಿ ಸಾಲು ಮುಗಿಯುತ್ತದೆ.

ಒಳಗೆ ಸರಿಸುವುದಕ್ಕೆ ಪ್ರಾಸವೇ ಕಾರಣ. ಕಪ್ಪು, ಸೊಪ್ಪು, ಅಪ್ಪ ಎಂದು ಎಡ ಅಂಚಿನಲ್ಲಿ ಕಣ್ಣು ಇಳಿಯುತ್ತ ಬಂದಾಗ ‘ಹೊಲದ’ ಅದೇ ಅಂಚಿಗೆ ಬಂದರೆ ಪ್ರಾಸ ತಪ್ಪಿದಂತೆ ಕಾಣುತ್ತದೆ. ಒಳಗೆ ಸರಿದರೆ ಅದು ಹೊಸ ಪಾದವಲ್ಲ, ಮೇಲಿನದೇ ಮುಂದುವರಿಕೆ ಎಂದು ತಿಳಿಯುತ್ತದೆ. ಇದರಿಂದ ಇನ್ನೊಂದು ಲಾಭವೂ ಇದೆ. ಯಾರೋ ಕಳಿಸಿದ ಗೊಂದಲದ ಪದ್ಯ ಕೈಗೆ ಬಂದಾಗ ಪಾದಗಳ ಆರಂಭ ಎಲ್ಲೆಂದು ಪ್ರಾಸದಿಂದಲೇ ಪತ್ತೆ ಹಚ್ಚಬಹುದು. ‘ಪ್ಪ’ ಎರಡನೆಯ ಅಕ್ಷರವಾಗಿರುವ ಪದಗಳನ್ನು ಹುಡುಕಿ, ಅಲ್ಲಿಂದ ಮಾತ್ರೆ ಎಣಿಸಿ ನೋಡಿದರೆ ಆಯಿತು.

ಸಾಲಿನ ಕೊನೆಯ ದಂಡ ಮುಂಡರಗಿಯ ಫೋನಿಗಾಗಿ. ಅಷ್ಟು ದೊಡ್ಡ ಅಕ್ಷರದಲ್ಲಿ ಹದಿನಾಲ್ಕು ಮಾತ್ರೆಯೂ ಹಿಡಿಸುವುದಿಲ್ಲ. ಏಳೇಳು ಮಾತ್ರೆಗೆ ಮುರಿಯಬಹುದು, ‘ಅಪ್ಪ ನೇಗಿಲ’ ಒಂದು ಸಾಲು, ‘ಹೊತ್ತು ನಡೆದನು’ ಇನ್ನೊಂದು. ತಾಳ ಉಳಿಯುತ್ತದೆ, ಆದರೆ ಪದ್ಯ ಹದಿನಾಲ್ಕು ಸಾಲಾಗಿ, ಷಟ್ಪದಿ ಎಂದು ಹೇಳಿಕೊಡುವುದೇ ಕಷ್ಟವಾಗುತ್ತದೆ. ಅದರ ಬದಲು ದಂಡ ಹಾಕಿದರೆ ಪರದೆ ಎಲ್ಲಿ ಮುರಿದರೂ ಪಾದ ಮುಗಿದದ್ದು ಎಲ್ಲಿ ಎಂದು ಗುರುತು ಉಳಿಯುತ್ತದೆ. “ದಂಡ ಕಂಡಲ್ಲಿ ಮಾತ್ರ ನಿಲ್ಲಿರಿ” ಎಂದು ಮಕ್ಕಳಿಗೆ ಒಮ್ಮೆ ಹೇಳಿದರೆ ಸಾಕು. ದಂಡವನ್ನು ಪದಕ್ಕೆ ಅಂಟಿಸಿಯೇ ಬರೆಯಬೇಕು. ನಡುವೆ ಜಾಗ ಬಿಟ್ಟರೆ ಕೆಲವು ಫೋನಿನಲ್ಲಿ ದಂಡವೊಂದೇ ಮುಂದಿನ ಸಾಲಿಗೆ ಜಾರುತ್ತದೆ.

ಹದಿನಾಲ್ಕನೆಯ ಮಾತ್ರೆ ಯಾವಾಗಲೂ ಪದದ ಕೊನೆಗೆ ಬರುವುದಿಲ್ಲ. ಮೂರನೆಯ ಸಾಲು ‘ಅಪ್ಪ ನೇಗಿಲ ಹಿಡಿದು ಮುನ್ನಡೆದನು ಹೊಲದ ಬದಿಗೆ’ ಎಂದಿದ್ದರೆ ಲೆಕ್ಕ ಸರಿಯೇ, ಆದರೆ ಹದಿನಾಲ್ಕು ಮುಗಿಯುವುದು ‘ಮುನ್ನಡೆ’ ಎಂಬಲ್ಲಿ, ಪದದ ನಡುವೆ. ಅಲ್ಲಿ ಪದ ಒಡೆಯಬಾರದು. ‘ಮುನ್ನಡೆದನು’ ಆದ ಮೇಲೆ ಮುರಿದರೆ ಗಣ ಒಡೆಯುತ್ತದೆ. ಹಿಂದಕ್ಕೆ ಬಂದು, ಪದವೂ ಗಣವೂ ಒಟ್ಟಿಗೆ ಮುಗಿಯುವ ‘ಹಿಡಿದು’ ಎಂಬಲ್ಲಿ, ಹತ್ತನೆಯ ಮಾತ್ರೆಗೆ ಮುರಿಯುವುದು ಲೇಸು. ಹಳೆಯ ಕಾವ್ಯಗಳಲ್ಲಿ ಸಂಧಿಯಿಂದ ಕೂಡಿದ ಪದಗಳು ಹೆಚ್ಚಿರುವುದರಿಂದ ಇಂಥ ಸಾಲು ಆಗಾಗ ಸಿಗುತ್ತವೆ. ಮುರಿಯಲು ಅನುಕೂಲವೆಂದು ಸಂಧಿ ಬಿಡಿಸಿದರೆ ಮಾತ್ರೆಯೇ ಬದಲಾಗುವ ಅಪಾಯವಿದೆ.

ಒಳಸರಿತದ ಖಾಲಿ ಜಾಗ ಎಲ್ಲ ಕಡೆ ಉಳಿಯುವುದಿಲ್ಲ. ಸಾಮಾನ್ಯವಾಗಿ ವೆಬ್ ಪುಟಕ್ಕೆ ಅಂಟಿಸಿದಾಗ ಸಾಲಿನ ಆರಂಭದ ಜಾಗ ಮಾಯವಾಗುತ್ತದೆ. ಆಗಲೂ ದಂಡವಿದ್ದರೆ ಅರ್ಧ ಕೆಲಸ ಉಳಿದಿರುತ್ತದೆ. ಒಳಸರಿತಕ್ಕೆಂದು ಅಡ್ಡಗೆರೆ ಹಾಕಿ ಜಾಗ ಬಿಟ್ಟರೆ ವಾಟ್ಸಾಪ್ ಅದನ್ನು ಪಟ್ಟಿ ಎಂದು ತಿಳಿದು ಚುಕ್ಕಿಯಾಗಿಸುತ್ತದೆ. ಕವಿಯ ಹೆಸರಿನ ಹಿಂದೆ ಅಡ್ಡಗೆರೆ ಹಾಕುವವರಿಗೂ ಇದೇ ಗತಿ. ಕಳಿಸುವ ಮೊದಲು ನನ್ನದೇ ಸಂಖ್ಯೆಗೆ ಒಮ್ಮೆ ಕಳಿಸಿಕೊಂಡು, ಸೆಟ್ಟಿಂಗ್ಸಿನ Chats ಒಳಗಿನ Font size ಅನ್ನು Large ಮಾಡಿ ನೋಡುತ್ತೇನೆ. ಪದ್ಯದ ಚಿತ್ರ ತೆಗೆದು ಕಳಿಸಿದರೆ ಇಷ್ಟೆಲ್ಲ ಬೇಕಿಲ್ಲ ಎನ್ನುವವರಿದ್ದಾರೆ. ಚಿತ್ರದಲ್ಲಿ ಸಾಲು ಉಳಿಯುತ್ತದೆ ನಿಜ, ಆದರೆ ಅಕ್ಷರ ಚಿಕ್ಕದಾಗಿ, ಹಿಗ್ಗಿಸಿದರೆ ಸಾಲಿನ ತುದಿ ಪರದೆಯಾಚೆ ಹೋಗುತ್ತದೆ.

ಶಾಯರಿಯ ಸಂಗತಿ ಬೇರೆ. ನಮ್ಮ ಕಡೆಯ ಹುಡುಗರು ಫೋನಿನಲ್ಲಿ ಹಂಚುವ ಶಾಯರಿಗಳಲ್ಲಿ ಬಹಳಷ್ಟಕ್ಕೆ ಮಾತ್ರೆಯ ಲೆಕ್ಕವಿಲ್ಲ. ಲಯ ಇರುವುದು ಮಾತಿನ ಏರಿಳಿತದಲ್ಲಿ, ಕೊನೆಯ ತಿರುವಿಗೆ ಮುಂಚಿನ ಮೌನದಲ್ಲಿ. ನೇಕಾರರ ಓಣಿಯ ಮೇಲೆ ನಾನು ಬರೆದ ಒಂದನ್ನು ನೋಡಿ, ಗುಂಪುಗಳಲ್ಲಿ ಓಡಾಡುವ ರೂಪದಲ್ಲಿಯೇ:

ಮಗ್ಗದ ಸಪ್ಪಳ ನಿಂತರ ಓಣ್ಯಾಗ ನಿದ್ದಿ ಬರೂದಿಲ್ಲ ಅಂತಿದ್ದಿ ಅವ್ವಾ..... ಈಗ ಓಣಿ ತುಂಬ ನಿದ್ದಿ ಐತಿ.... ಮಗ್ಗ ಎಲ್ಲೈತಿ?

ಮುಶಾಯಿರಾದಲ್ಲಿ ಹೇಳುವವರು ಮೊದಲ ಸಾಲನ್ನು ಎರಡು ಸಲ ಹೇಳಿ ಕೇಳುವವರನ್ನು ಕಾಯಿಸುತ್ತಾರೆ. ಪರದೆಯಲ್ಲಿ ಕಣ್ಣು ಎಲ್ಲವನ್ನೂ ಒಟ್ಟಿಗೆ ನೋಡಿಬಿಡುತ್ತದೆ, ಚುಕ್ಕಿಗಳು ಅದನ್ನು ತಡೆಯಲಾರವು. ಇದನ್ನು ಬಾಯಿಂದ ಹೇಳಿಸಿ, ಉಸಿರು ನಿಂತಲ್ಲೆಲ್ಲ ಮುರಿದೆ:

ಮಗ್ಗದ ಸಪ್ಪಳ ನಿಂತರ
ಓಣ್ಯಾಗ ನಿದ್ದಿ ಬರೂದಿಲ್ಲ
ಅಂತಿದ್ದಿ, ಅವ್ವಾ.
ಈಗ ಓಣಿ ತುಂಬ ನಿದ್ದಿ ಐತಿ

ಮಗ್ಗ ಎಲ್ಲೈತಿ?

ಖಾಲಿ ಸಾಲು ಒಂದೇ, ಅದೂ ತಿರುವಿನ ಮುಂದೆ ಮಾತ್ರ. ಪ್ರತಿ ಸಾಲಿನ ನಡುವೆಯೂ ಜಾಗ ಬಿಟ್ಟು ಕಳಿಸುವವರಿದ್ದಾರೆ, ಆಗ ಎಲ್ಲ ನಿಲುಗಡೆಗಳೂ ಸಮವಾಗಿ ಕೊನೆಯದಕ್ಕೆ ಬೆಲೆ ಹೋಗುತ್ತದೆ. ಸಾಲುಗಳನ್ನು ಹತ್ತು-ಹನ್ನೊಂದು ಅಕ್ಷರದೊಳಗೆ ಇಟ್ಟಿದ್ದರಿಂದ ಮುಂಡರಗಿಯ ಫೋನಿನಲ್ಲಿ ನಾಲ್ಕನೆಯ ಸಾಲಿನ ‘ಐತಿ’ ಒಂದೇ ಕೆಳಗಿಳಿಯಿತು, ಉಳಿದದ್ದು ಬರೆದ ಹಾಗೆಯೇ ಬಂತು. ‘ಈಗ’ ಎಂಬುದನ್ನು ಬೇರೆ ಸಾಲಿಗೆ ಹಾಕಿ ಎರಡನೆಯ ಸಲ ಕಳಿಸಿದಾಗ ಅದೂ ಸರಿಹೋಯಿತು.