ಜೆ ಅಂದರೆ ಜ ಅಲ್ಲ

ಭಾಷಾವಿಜ್ಞಾನಕ್ಕೆ ಹೊಸದಾಗಿ ಸೇರಿದವರಿಗೆ ನಾನು 20 ಪ್ರಶ್ನೆಗಳ ಒಂದು ಕ್ವಿಜ್ ಕೊಡುತ್ತೇನೆ. ಕೆಲವಕ್ಕೆ ಚಿಹ್ನೆ ನೋಡಿ ಧ್ವನಿ ಹೇಳಬೇಕು, ಕೆಲವಕ್ಕೆ ನಾಲಿಗೆ ಎಲ್ಲಿ ತಾಗುತ್ತದೆ ಎಂಬುದರಿಂದ ಚಿಹ್ನೆ ಹಿಡಿಯಬೇಕು. ಎರಡನ್ನೂ ಬೇಕೆಂದೇ ಕಲಸಿಡುತ್ತೇನೆ. ಒಂದೇ ಬಗೆಯವು ಸಾಲಾಗಿ ಬಂದರೆ ಹುಡುಗರು ಬಾಯಿಪಾಠ ಮಾಡಿದ ಪಟ್ಟಿಯನ್ನು ಇಳಿಸಿಬಿಡುತ್ತಾರೆ.

ಚಿಹ್ನೆಗಳು ಐಪಿಎ ಎಂಬ ಧ್ವನಿಲಿಪಿಯವು. ಅದನ್ನು ರೂಪಿಸಿದ ಸಂಘ 1886ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿತು. ವಿಚಿತ್ರವಾಗಿ ಕಾಣುವ ಚಿಹ್ನೆಗೆ ಯಾರೂ ತಪ್ಪುವುದಿಲ್ಲ. [ʈ] ಎಂದರೆ ನಮ್ಮ ಟ. ಬಾಲ ಸುರುಳಿದೆ, ನಾಲಿಗೆಯೂ ಸುರುಳುತ್ತದೆ, ಮುಗಿಯಿತು. ಎಡವುವುದು ಪರಿಚಿತ ಮುಖಗಳಲ್ಲಿ. [j] ಕಂಡರೆ ಜ ಎಂದು ಬರೆಯುತ್ತಾರೆ. ಅದು ಯ. ಹಾಗಾದರೆ ಯ ಎಂದು ತೋರುವ [y] ಏನು? ಈ ಎನ್ನುತ್ತಾ ನಾಲಿಗೆ ಕದಲಿಸದೆ ತುಟಿ ಮಾತ್ರ ದುಂಡಗೆ ಮಾಡಿ, ಬರುವುದೇ ಆ ಸ್ವರ. ಕನ್ನಡದಲ್ಲಿಲ್ಲ, ಫ್ರೆಂಚಿನಲ್ಲಿದೆ.

ನನಗೆ ಅಚ್ಚುಮೆಚ್ಚು ಹನ್ನೊಂದನೆಯ ಪ್ರಶ್ನೆ. ಅಂಕ, ಅಂಚೆ, ಅಂಟು, ಅಂದ, ಅಂಬು: ಇವುಗಳ ಸೊನ್ನೆಗೆ ಚಿಹ್ನೆ ಬರೆಯಿರಿ. ಹೆಚ್ಚಿನವರು ಐದಕ್ಕೂ [m] ಬರೆದು ಕೂರುತ್ತಾರೆ. ಅಂಬು ಎನ್ನಲು ಹೊರಟು ಬು ಬರುವ ಮೊದಲೇ ನಿಲ್ಲಿಸಿ ನೋಡಿ, ತುಟಿ ಆಗಲೇ ಮುಚ್ಚಿರುತ್ತದೆ. ಅಂಕದಲ್ಲಿ ಹಾಗೇ ನಿಲ್ಲಿಸಿದರೆ ತುಟಿ ತೆರೆದೇ ಇದೆ, ನಾಲಿಗೆಯ ಬುಡ ಮೇಲೆದ್ದು ಮೆದು ಅಂಗಳಕ್ಕೆ ಒತ್ತಿದೆ. ಅದು [ŋ]. ಅಂಚೆಯದು [ɲ], ಅಂಟಿನದು [ɳ], ಅಂದದ್ದು ಹಲ್ಲಿಗೆ ತಾಗುವ [n̪]. ಸೊನ್ನೆ ಒಂದೇ, ಮೂಗಿನ ಧ್ವನಿ ಐದು. ಙ ಞ ಣ ನ ಮ ಎಂದು ವರ್ಣಮಾಲೆ ಇದನ್ನು ಸಾಲಾಗಿಯೇ ಇಟ್ಟಿದೆ. ಒಂದನೇ ತರಗತಿಯಲ್ಲಿ ಒದರಿದ್ದು ಇಲ್ಲಿ ನೆನಪಾಗುವುದಿಲ್ಲ ಅಷ್ಟೆ.

ಇನ್ನೊಂದು ತಪ್ಪಿಗೆ ಕಲಿಸಿದವರೇ ಕಾರಣ, ನಾನೂ ಸೇರಿ. ಗಂಟಲ ಮೇಲೆ ಕೈಯಿಟ್ಟು ನೋಡಿ, ನಡುಗಿದರೆ ಘೋಷ, ಇಲ್ಲದಿದ್ದರೆ ಅಘೋಷ ಎಂದು ಹೇಳಿಕೊಟ್ಟಿರುತ್ತೇವೆ. ಹುಡುಗಿ ಪ ಎನ್ನುತ್ತಾಳೆ, ಗಂಟಲು ನಡುಗುತ್ತದೆ, ಘೋಷ ಎಂದು ಬರೆಯುತ್ತಾಳೆ. ನಡುಗಿದ್ದು ಪಕಾರವಲ್ಲ, ಅದರ ಬೆನ್ನಿಗಿದ್ದ ಅಕಾರ. ಇದಕ್ಕೆ ಕನ್ನಡದ ಒತ್ತಕ್ಷರವೇ ಮದ್ದು. ಅಪ್ಪ, ಅಬ್ಬ ಎಂದು ಎಳೆದು ಹೇಳಿಸುತ್ತೇನೆ. ತುಟಿ ಮುಚ್ಚಿದ ಆ ಗಳಿಗೆಯಲ್ಲಿ ಅಬ್ಬದಲ್ಲಿ ಬೆರಳಿಗೆ ನಡುಕ ಸಿಗುತ್ತದೆ, ಅಪ್ಪದಲ್ಲಿ ಗಂಟಲು ಸದ್ದಿಲ್ಲದೆ ಇರುತ್ತದೆ.

ಹಾಗಾಗಿ ಈ ಕ್ವಿಜ್ ನಡೆಯುವಾಗ ಕೋಣೆಯ ತುಂಬ ಅಪ್ಪ, ಅಬ್ಬ, ಅಂಕ, ಅಂಚೆಗಳ ಪಿಸುಮಾತು. ಮೌನವಾಗಿ ಬರೆಯಿರಿ ಎಂದು ನಾನು ಹೇಳುವುದಿಲ್ಲ.