ಒಂದು ನಿಮಿಷದೊಳಗೆ ಅಮ್ಮ

ಶಾಲಾ ವಾರ್ಷಿಕೋತ್ಸವ ಬಂತೆಂದರೆ ಒಂದನೇ ತರಗತಿಯ ಮಗುವಿನ ಪಾಲಿಗೆ ಅಮ್ಮನ ಮೇಲಿನ ಪದ್ಯವೊಂದು ಇದ್ದೇ ಇರುತ್ತದೆ. ಅದನ್ನು ಆರಿಸುವವರು ದೊಡ್ಡವರು. ಹಾಗಾಗಿಯೇ ತ್ಯಾಗಮಯಿ, ಕ್ಷಮಾಗುಣ, ಪ್ರತ್ಯಕ್ಷ ದೈವ ಎಲ್ಲ ಅದರೊಳಗೆ ಬಂದು ಕೂರುತ್ತವೆ. ಅರ್ಥವಾಗದ್ದು ಹಾಗಿರಲಿ, ಉಚ್ಚಾರವೇ ಕಷ್ಟ. ಮುಂದಿನ ಹಾಲುಹಲ್ಲು ಬೀಳಲು ಶುರುವಾಗುವುದು ಸುಮಾರು ಆರರ ವಯಸ್ಸಿಗೆ. ಹಲ್ಲಿನ ಸಂದಿಯಲ್ಲಿ ಸ, ಶ, ಷ ಮೂರೂ ಗಾಳಿಯಾಗಿ ಸೋರಿಹೋಗುತ್ತವೆ.

ಆ ಬಾಯಿಗೆ ಒಗ್ಗುವುದು ನಾಲ್ಕು ಮಾತ್ರೆಯ ಗಣ. ಈ ಲೇಖನಕ್ಕೆಂದೇ ಕಟ್ಟಿದ ಎರಡು ಸಾಲು ನೋಡಿ:

ಜಡೆಯನು ಹೆಣೆವಳು ಬೆಳಗಲಿ ಅಮ್ಮ
ಅತ್ತರೆ ಎನುವಳು, "ಬಂದಿತು ಗುಮ್ಮ!"

ಜಡೆಯನು, ಹೆಣೆವಳು, ಬೆಳಗಲಿ, ಅಮ್ಮ: ಸಾಲಿಗೆ ನಾಲ್ಕು ಚಪ್ಪಾಳೆ. ಕೊನೆಯ 'ಅಮ್ಮ'ದಲ್ಲಿ ಮೂರೇ ಮಾತ್ರೆ, ಉಳಿದೊಂದು ಮಾತ್ರೆಯ ಹೊತ್ತಿನಲ್ಲಿ ಮಗು ಉಸಿರು ಎಳೆದುಕೊಳ್ಳುತ್ತದೆ. ಸಕಾರ, ಶಕಾರ ಒಂದೂ ಇಲ್ಲ. ಹೊಗಳಿಕೆಯ ಮಾತೂ ಇಲ್ಲ. ಜಡೆ ಹೆಣೆಯುವಾಗ ಕೂದಲು ಜಗ್ಗಿ ಅತ್ತದ್ದು ಮಗುವಿಗೆ ಗೊತ್ತಿರುವ ಸಂಗತಿ. ಅದನ್ನು ಹೇಳುವಾಗ ಮುಖದಲ್ಲಿ ಭಾವ ತಾನಾಗಿ ಬರುತ್ತದೆ, ಕೈ ಹೀಗೆ ಮಾಡು ಹಾಗೆ ಮಾಡು ಎಂದು ಹೇಳಿಕೊಡಬೇಕಿಲ್ಲ.

ಇಂಥ ಎಂಟು ಸಾಲಿಗೆ ಮೂವತ್ತೆರಡು ಚಪ್ಪಾಳೆ. ಸೆಕೆಂಡಿಗೊಂದರಂತೆ ಹೇಳಿದರೆ ಅರ್ಧ ನಿಮಿಷ ಚಿಲ್ಲರೆ. ನಮಸ್ಕಾರ, ಹೆಸರು, ತರಗತಿ ಹೇಳಲು ಹತ್ತು ಸೆಕೆಂಡು. ಮಿಕ್ಕದ್ದು ಮರೆತು ನೆನಪಿಸಿಕೊಳ್ಳುವುದಕ್ಕೆ, ಸಭೆ ನಕ್ಕರೆ ನಿಲ್ಲುವುದಕ್ಕೆ. ಹನ್ನೆರಡು ಸಾಲು ತುರುಕಿದರೆ ಈ ಬಿಡುವೆಲ್ಲ ಹೋಗಿ, ಮಗು ರೈಲು ಬಿಡುತ್ತದೆ.

ಮರೆವಿಗೂ ಒಂದು ಕಾರಣವಿದೆ. ಪ್ರತಿ ಸಾಲೂ 'ನನ್ನಮ್ಮ' ಎಂದೇ ಮುಗಿದರೆ ಮೂರನೆಯದರಿಂದ ಏಳನೆಯದಕ್ಕೆ ಜಿಗಿತ, ಇಲ್ಲವೇ ಮತ್ತೆ ಮೊದಲಿಗೆ. ಆದ್ದರಿಂದ ಪ್ರಾಸವನ್ನು ಎರಡೆರಡು ಸಾಲಿಗೆ ಬದಲಿಸಿ, ಪದ್ಯವನ್ನು ದಿನದ ಕ್ರಮದಲ್ಲಿ ಕಟ್ಟಬೇಕು: ಬೆಳಿಗ್ಗೆ ಜಡೆ, ಆಮೇಲೆ ಬುತ್ತಿ, ಸಂಜೆ ಗೇಟಿನ ಬಳಿ ಕಾಯುವುದು, ರಾತ್ರಿ ಕಥೆ. ಮುಂದೇನಾಯಿತು ಎಂಬುದೇ ಮುಂದಿನ ಸಾಲನ್ನು ಎಳೆದು ತರುತ್ತದೆ. ಬಾಯಿಪಾಠ ಗಟ್ಟಿಯೋ ಎಂದು ನೋಡಲು ಮೊದಲಿಂದ ಹೇಳಿಸಬೇಡಿ, "ಸಂಜೆ ಏನಾಯ್ತು ಪುಟ್ಟಿ?" ಎಂದು ನಡುವಿನಿಂದ ಕೇಳಿ. ಅಲ್ಲಿಂದ ಹೊರಟು ಕೊನೆ ಮುಟ್ಟಿದರೆ ಸಾಕು, ವೇದಿಕೆಯಲ್ಲಿ ಎಡವಿದರೂ ದಾರಿ ಸಿಗುತ್ತದೆ.

ಮೈಕನ್ನು ಮಗುವಿನ ಗಲ್ಲದ ಮಟ್ಟಕ್ಕೆ ಮೊದಲೇ ಇಳಿಸಿಡಬೇಕು. ತುದಿಗಾಲಲ್ಲಿ ನಿಂತ ಮಗು ಕಿರುಚುತ್ತದೆ. ಇನ್ನು ಅಮ್ಮಂದಿರ ವಿಷಯ. ಮೊದಲ ಸಾಲಿನಲ್ಲಿ ಕೂತು ತುಟಿ ಆಡಿಸುತ್ತಾ ಹೇಳಿಕೊಡುವ ತಾಯಿಯನ್ನು ನೋಡುತ್ತಲೇ ಮಗು ಪದ್ಯ ನಿಲ್ಲಿಸಿ "ಏನಮ್ಮಾ?" ಎಂದು ಮೈಕಿನಲ್ಲೇ ಕೇಳಿಬಿಡಬಹುದು. ನಾಲ್ಕು ಸಾಲು ಹಿಂದೆ ಕೂರುವುದು ಒಳ್ಳೆಯದು.